ಕೆಲಸ ಹಿಡಿಸಿದೆ, ಸಮಯ ಕೂಡಿಬಂದಿಲ್ಲ: ರಿಕ್ರೂಟರ್‌ಗೆ ಏನೆಂದು ಬರೆಯುವುದು?

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಆ ಕಾರಣಕ್ಕೋ ಏನೋ, ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. ರಿಕ್ರೂಟರ್ ಒಬ್ಬರಿಂದ ಸಂದೇಶ ಬಂದಿದೆ. ಕೆಲಸದ ವಿವರ ಓದಿದರೆ ನನಗಾಗಿಯೇ ಬರೆದಂತಿದೆ. ಆದರೆ ಈಗಿನ ಕಂಪನಿಗೆ ಸೇರಿ ಎಂಟು ತಿಂಗಳಷ್ಟೇ ಆಗಿದೆ, ಅಥವಾ ಮನೆ ಸಾಲ ಇನ್ನೂ ಮಂಜೂರಾಗಬೇಕು, ಅಥವಾ ಮನೆಯಲ್ಲಿ ಹೆರಿಗೆ ಬಾಣಂತನದ ಕಾಲ. ಏನೆಂದು ಉತ್ತರ ಬರೆಯಲಿ?

ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಸಂದೇಶವನ್ನು ಓದಿ ಸುಮ್ಮನಿದ್ದುಬಿಡುತ್ತಾರೆ. ಇಲ್ಲವೇ "ಆಸಕ್ತಿ ಇದೆ, ಆದರೆ ಸದ್ಯಕ್ಕೆ ಬದಲಾಯಿಸುವ ಯೋಚನೆ ಇಲ್ಲ, ಮುಂದೆ ನೋಡೋಣ" ಎಂದು ಬರೆಯುತ್ತಾರೆ. ಎರಡನೆಯದು ಸಭ್ಯವಾಗಿ ಕಾಣುತ್ತದೆ, ಆದರೆ ಅದರ ಫಲ ಮೊದಲನೆಯದಕ್ಕಿಂತ ಬಹಳ ಬೇರೆಯಲ್ಲ. ಯಾಕೆಂದು ನಾಲ್ಕನೆಯ ಹಂತದಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸಗಳಿವೆ. ಅವುಗಳಿಗೆ ಬೇಕಾಗುವುದು ನಿಮ್ಮ ಈಗಿನ ನೇಮಕಾತಿ ಪತ್ರ, ಒಂದು ಕ್ಯಾಲೆಂಡರ್ ಮತ್ತು ಅರ್ಧ ಗಂಟೆ. ಕಚೇರಿಯ ಲ್ಯಾಪ್‌ಟಾಪ್ ಮತ್ತು ಕಚೇರಿಯ ಮಿಂಚಂಚೆ ಮಾತ್ರ ಬೇಡ. ಇದೆಲ್ಲ ನಿಮ್ಮ ಸ್ವಂತ ಮೊಬೈಲಿನಲ್ಲೇ ನಡೆಯಲಿ.

ಹಂತ 1: ಬರೆದವರು ಯಾರು ಎಂದು ತಿಳಿದುಕೊಳ್ಳಿ

ರಿಕ್ರೂಟರ್‌ಗಳಲ್ಲಿ ಎರಡು ಬಗೆ. ಒಬ್ಬರು ಆ ಕಂಪನಿಯ ಸಂಬಳದಲ್ಲೇ ಇರುವವರು. ಇನ್ನೊಬ್ಬರು ಹೊರಗಿನ ಏಜೆನ್ಸಿಯವರು, ನಮ್ಮಲ್ಲಿ ಕನ್ಸಲ್ಟೆನ್ಸಿ ಎನ್ನುತ್ತಾರಲ್ಲ, ಅವರು. ಏಜೆನ್ಸಿಯವರಿಗೆ ಹಣ ಬರುವುದು ನೀವು ಸೇರಿದ ಮೇಲೆ. ನಿಮ್ಮ ವಾರ್ಷಿಕ ಸಂಬಳದ ಇಂತಿಷ್ಟು ಶೇಕಡಾ ಎಂದು ಕಂಪನಿ ಅವರಿಗೆ ಕೊಡುತ್ತದೆ. ಹೀಗಾಗಿ ನೀವು ಏಳು ತಿಂಗಳ ಬಳಿಕ ಬರುತ್ತೇನೆ ಎಂದರೆ ಕಂಪನಿಯ ಒಳಗಿನವರು ಅದನ್ನು ಗುರುತು ಹಾಕಿಕೊಂಡಾರು, ಏಜೆನ್ಸಿಯವರು ಈ ತಿಂಗಳೇ ನಿಮ್ಮನ್ನು ಹೊರಡಿಸಲು ನೋಡಿಯಾರು. ತಪ್ಪು ಅವರದಲ್ಲ, ಅವರ ವ್ಯವಹಾರವೇ ಹಾಗೆ. ನೀವು ಮಾತ್ರ ಉತ್ತರವನ್ನು ಅದಕ್ಕೆ ತಕ್ಕಂತೆ ಬರೆಯಬೇಕು.

ಏಜೆನ್ಸಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅವರು ಮೊದಲ ಸಂದೇಶದಲ್ಲೇ ಒಂದು ಪಟ್ಟಿ ಕಳುಹಿಸುತ್ತಾರೆ: ಒಟ್ಟು ಅನುಭವ, ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಅವಧಿ, ಜೊತೆಗೆ ರೆಸ್ಯೂಮೆ. ಸಿಟಿಸಿ ಎಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ. ನೋಟಿಸ್ ಅವಧಿ ಎಂದರೆ ರಾಜೀನಾಮೆ ಕೊಟ್ಟ ದಿನದಿಂದ ಬಿಡುಗಡೆಯವರೆಗಿನ ಕಾಲ. ಈ ಪಟ್ಟಿಯನ್ನು ತುಂಬಿ ರೆಸ್ಯೂಮೆ ಜೋಡಿಸಿ ಕಳುಹಿಸಿದಿರೋ, ಅದು ಅದೇ ದಿನ ಕಂಪನಿಗೆ ಹೋಗಬಹುದು. ಹೋದ ಮೇಲೆ ನೀವು "ಆ ಏಜೆನ್ಸಿ ತಂದ ಅಭ್ಯರ್ಥಿ" ಎಂದು ದಾಖಲಾಗುತ್ತೀರಿ. ಆ ದಾಖಲೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಉಳಿಯುತ್ತದೆ. ಮುಂದೆ ನಿಮಗೆ ಬಿಡುವಾದಾಗ ಅದೇ ಕಂಪನಿಯಲ್ಲಿರುವ ಗೆಳೆಯರೊಬ್ಬರು ನಿಮ್ಮ ಹೆಸರನ್ನು ಶಿಫಾರಸು ಮಾಡಲು ಹೋದರೆ, "ಇವರು ಈಗಾಗಲೇ ನಮ್ಮಲ್ಲಿದ್ದಾರೆ" ಎಂದು ವ್ಯವಸ್ಥೆ ತಡೆಯುತ್ತದೆ. ಕೆಲವು ಕಡೆ ಏಜೆನ್ಸಿಗೆ ಹಣ ಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ ಅಭ್ಯರ್ಥಿಯನ್ನೇ ಕೈಬಿಟ್ಟದ್ದನ್ನು ಕಂಡಿದ್ದೇನೆ. ಆದ್ದರಿಂದ ಸಮಯ ಸರಿಯಿಲ್ಲದಾಗ ಏಜೆನ್ಸಿಗೆ ರೆಸ್ಯೂಮೆ ಬೇಡ.

ಬರೆದವರು ನಿಜವಾದ ರಿಕ್ರೂಟರ್ ಹೌದೇ ಎಂದೂ ಒಂದು ನಿಮಿಷ ನೋಡಿ. ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ನಿಮ್ಮಿಂದ ಹಣ ಕೇಳಿದರೆ ಉತ್ತರ ಬರೆಯುವ ಶ್ರಮವೇ ಬೇಡ.

ಹಂತ 2: ಸಮಯ ನಿಜವಾಗಿಯೂ ತಪ್ಪಿದೆಯೇ ಎಂದು ಲೆಕ್ಕ ಹಾಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹೆಚ್ಚಿನವರು ಹಾರಿಬಿಡುವುದೂ ಇದನ್ನೇ. ರಿಕ್ರೂಟರ್ ಈ ದಿನ ಬರೆದರೆ ನಾಳೆಯೇ ಸೇರಬೇಕು ಎಂಬಂತೆ ಗಾಬರಿಯಾಗಿ "ಈಗ ಆಗುವುದಿಲ್ಲ" ಎಂದುಬಿಡುತ್ತೇವೆ. ಆದರೆ ಮೊದಲ ಕರೆಯಿಂದ ಆಫರ್ ಲೆಟರ್ ಕೈಗೆ ಬರಲು ನಾನು ಕಂಡಂತೆ ನಾಲ್ಕರಿಂದ ಆರು ವಾರ ಬೇಕು. ಅದರ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿಗಳ ನೋಟಿಸ್ ಅವಧಿ 60 ಅಥವಾ 90 ದಿನ. ಅಂದರೆ ಈಗ ಹೂಂ ಎಂದರೂ ನೀವು ಹೊಸ ಕುರ್ಚಿಯಲ್ಲಿ ಕೂರುವುದು ಮೂರರಿಂದ ನಾಲ್ಕೂವರೆ ತಿಂಗಳ ಮೇಲೆ. ನಿಮ್ಮ ಅಡಚಣೆ ಅಷ್ಟರಲ್ಲಿ ತಾನಾಗಿಯೇ ಮುಗಿದಿರುತ್ತದೆಯೇ ಎಂಬುದು ಮೊದಲ ಪ್ರಶ್ನೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಒಬ್ಬರು ಬ್ಯಾಕೆಂಡ್ ಎಂಜಿನಿಯರ್ ಎಂದುಕೊಳ್ಳಿ. 2025ರ ಜೂನ್ 16ರಂದು ಈಗಿನ ಕಂಪನಿಗೆ ಸೇರಿದರು. ಮೂರು ಲಕ್ಷ ರೂಪಾಯಿ ಜಾಯಿನಿಂಗ್ ಬೋನಸ್ ಸಿಕ್ಕಿತು. ಒಂದು ವರ್ಷದೊಳಗೆ ಬಿಟ್ಟರೆ ಅದನ್ನು ಮರಳಿಸಬೇಕು ಎಂಬ ಷರತ್ತು ಇದೆ. ನೋಟಿಸ್ 90 ದಿನ. ರಿಕ್ರೂಟರ್ ಸಂದೇಶ ಬಂದದ್ದು 2026ರ ಫೆಬ್ರುವರಿ 10ಕ್ಕೆ. ಇನ್ನೂ ಎಂಟು ತಿಂಗಳೂ ಆಗಿಲ್ಲ, ಆದ್ದರಿಂದ ಸಮಯ ತಪ್ಪಿದೆ ಎಂದು ಅವರಿಗೆ ಅನ್ನಿಸುತ್ತದೆ.

ಈಗ ಕ್ಯಾಲೆಂಡರ್ ಹಿಡಿಯೋಣ. ಫೆಬ್ರುವರಿ 16ರ ವಾರ ಮೊದಲ ಮಾತುಕತೆ ಆದರೆ, ಆರು ವಾರ ಹಿಡಿದು ಮಾರ್ಚ್ 30ರ ಹೊತ್ತಿಗೆ ಆಫರ್. ಏಪ್ರಿಲ್ 1ಕ್ಕೆ ರಾಜೀನಾಮೆ. 90 ದಿನ ಎಣಿಸಿದರೆ ಕೊನೆಯ ಕೆಲಸದ ದಿನ ಜೂನ್ 30. ವರ್ಷ ತುಂಬುವುದು ಜೂನ್ 15ಕ್ಕೆ. ಹದಿನೈದು ದಿನ ಮಿಕ್ಕಿತು! ಸಮಯ ಸರಿಯಿಲ್ಲ ಎಂದುಕೊಂಡ ಕೆಲಸ ಲೆಕ್ಕಕ್ಕೆ ಸರಿಯಾಗಿ ಕೂಡಿಬಂದಿದೆ.

ಆದರೆ ಇಲ್ಲಿ ಒಂದು ತಿರುವು ಇದೆ, ಅದಕ್ಕೇ ನೇಮಕಾತಿ ಪತ್ರ ಬೇಕೆಂದು ಮೊದಲೇ ಹೇಳಿದ್ದು. ಷರತ್ತಿನ ವಾಕ್ಯವನ್ನು ಒಂದೊಂದೇ ಪದ ಹಿಡಿದು ಓದಿ. ಒಂದು ವರ್ಷದೊಳಗೆ "ಸೇವೆ ಕೊನೆಗೊಂಡರೆ" ಎಂದಿದೆಯೋ, "ರಾಜೀನಾಮೆ ಸಲ್ಲಿಸಿದರೆ" ಎಂದಿದೆಯೋ? ಮೊದಲನೆಯದಾದರೆ ಮೇಲಿನ ಲೆಕ್ಕ ನಡೆಯುತ್ತದೆ. ಎರಡನೆಯದಾದರೆ ರಾಜೀನಾಮೆಯನ್ನೇ ಜೂನ್ 16ಕ್ಕೆ ಇಲ್ಲವೇ ನಂತರ ಕೊಡಬೇಕು, 16ಕ್ಕೇ ಕೊಟ್ಟರೂ ಕೊನೆಯ ದಿನ ಸೆಪ್ಟೆಂಬರ್ 14 ಆಗುತ್ತದೆ. ಒಂದು ಪದಕ್ಕೆ ಎರಡೂವರೆ ತಿಂಗಳು ಆಚೀಚೆ. ಆಗ ಮಾತುಕತೆ ಶುರುವಾಗಬೇಕಾದದ್ದು ಜೂನ್ 16ಕ್ಕೆ ಆರು ವಾರ ಮೊದಲು, ಅಂದರೆ ಮೇ ಮೊದಲ ವಾರ. ಮಾರ್ಚಿನಲ್ಲೇ ಆಫರ್ ತೆಗೆದುಕೊಂಡು ಜೂನ್‌ವರೆಗೆ ಜೇಬಿನಲ್ಲಿಟ್ಟುಕೊಳ್ಳುತ್ತೇನೆ ಎನ್ನುವಂತಿಲ್ಲ. ಆಫರ್‌ಗಳಿಗೆ ಒಪ್ಪಿಗೆಯ ಗಡುವು ಇರುತ್ತದೆ, ಸೇರುವ ದಿನಾಂಕವನ್ನೂ ಅದರಲ್ಲೇ ಬರೆದಿರುತ್ತಾರೆ.

ಮೊದಲ ಬಗೆಯ ಷರತ್ತಿನಲ್ಲೂ ಒಂದು ಗುಂಡಿ ಇದೆ. ಏಪ್ರಿಲ್ 1ಕ್ಕೆ ನೀವು ರಾಜೀನಾಮೆ ಕೊಡುತ್ತೀರಿ, ಕಂಪನಿ "90 ದಿನ ಬೇಡ, ಈ ತಿಂಗಳ ಕೊನೆಗೇ ಹೊರಡಿ" ಎನ್ನುತ್ತದೆ. ಕೊನೆಯ ದಿನ ಏಪ್ರಿಲ್ 30 ಆಯಿತು, ವರ್ಷ ತುಂಬಲಿಲ್ಲ, ಬೋನಸ್ ಮರಳಿಸಿ ಎಂಬ ಪತ್ರ ಬಂತು. ನಿಮ್ಮ ತಂಡದಿಂದ ಈಚೆಗೆ ಹೊರಟವರನ್ನು ಎಷ್ಟು ದಿನಕ್ಕೆ ಬಿಟ್ಟುಕೊಟ್ಟರು ಎಂದು ನೆನಪಿಸಿಕೊಂಡರೆ ಇದನ್ನು ಊಹಿಸಬಹುದು. ಎಲ್ಲರನ್ನೂ ತಿಂಗಳಲ್ಲೇ ಕಳುಹಿಸಿದ್ದರೆ ನೀವೂ ಎರಡನೆಯ ಲೆಕ್ಕವನ್ನೇ ಹಿಡಿಯುವುದು ಕ್ಷೇಮ. ಮರಳಿಸಬೇಕಾದದ್ದು ಎಷ್ಟು ಎಂಬುದನ್ನೂ ಓದಿ. ಶೇಕಡಾ 30ರ ತೆರಿಗೆ ಮಟ್ಟದಲ್ಲಿರುವವರಿಗೆ ಸೆಸ್ ಸೇರಿ ಮೂರು ಲಕ್ಷದಲ್ಲಿ ಕೈಗೆ ಬಂದಿರುವುದು ಸುಮಾರು 2,06,400 ರೂಪಾಯಿ. ಕೆಲವು ಪತ್ರಗಳು ಮಾತ್ರ ಮರಳಿ ಕೇಳುವುದು ಪೂರ್ತಿ ಮೂರು ಲಕ್ಷವನ್ನು.

ಬೋನಸ್ಸಿನ ಹಾಗೆಯೇ ದಿನಾಂಕಕ್ಕೆ ಕಟ್ಟಿಹಾಕುವ ಇನ್ನೂ ಕೆಲವು ಸಂಗತಿಗಳಿವೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡುವ ಮೊತ್ತಕ್ಕೆ, ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು. ಲೆಕ್ಕಕ್ಕೆ ಹಿಡಿಯುವ ವೇತನ ತಿಂಗಳಿಗೆ 50,000 ರೂಪಾಯಿ ಇದ್ದರೆ, ವರ್ಷಕ್ಕೆ 15 ದಿನದಂತೆ, ತಿಂಗಳಿಗೆ 26 ದಿನ ಎಂದು ಹಿಡಿದು, ಐದು ವರ್ಷಕ್ಕೆ ಸುಮಾರು 1,44,231 ರೂಪಾಯಿ ಆಗುತ್ತದೆ. ನಾಲ್ಕೂವರೆ ವರ್ಷದಲ್ಲಿರುವವರು ಈ ಮೊತ್ತಕ್ಕಾಗಿ ಕಾಯಬೇಕೇ ಎಂದು ಹೊಸ ಸಂಬಳದ ಹೆಚ್ಚಳದ ಜೊತೆ ತೂಗಿ ನೋಡಬೇಕು. ಎಷ್ಟೋ ಬಾರಿ ಕಾಯುವುದು ನಷ್ಟವೇ.

ಗರ್ಭಿಣಿಯರ ಲೆಕ್ಕ ಬೇರೆ. ವೇತನಸಹಿತ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಆದರೆ ಅದನ್ನು ಪಡೆಯಲು, ಹೆರಿಗೆಯ ನಿರೀಕ್ಷಿತ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ಆ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಹೊಸ ಕಂಪನಿಯಲ್ಲಿ 80 ದಿನ ತುಂಬುವಂತಿಲ್ಲದಿದ್ದರೆ ಈಗಿನ ಕಂಪನಿಯಲ್ಲೇ ರಜೆ ಮುಗಿಸಿ ಹೊರಡುವುದು ಲೆಕ್ಕಕ್ಕೆ ಸರಿ. ಇಂಥಲ್ಲಿ ಸಮಯ ನಿಜವಾಗಿಯೇ ತಪ್ಪಿದೆ, ಕ್ಯಾಲೆಂಡರಿನ ಯಾವ ಚಮತ್ಕಾರವೂ ನಡೆಯದು.

ದಿನಾಂಕವೇ ಹೇಳಲಾಗದ ಅಡಚಣೆಗಳೂ ಇವೆ. ತಾಯಿಯ ಚಿಕಿತ್ಸೆ ಎಷ್ಟು ದಿನ ನಡೆಯುತ್ತದೆಂದು ಯಾರು ಬಲ್ಲರು? ಆಗ ಸೇರುವ ದಿನಾಂಕ ಕೊಡಬೇಡಿ, ಮತ್ತೆ ಮಾತಾಡುವ ದಿನಾಂಕ ಕೊಡಿ. "ಆಗಸ್ಟ್ ಮೊದಲ ವಾರ ನನ್ನ ಪರಿಸ್ಥಿತಿ ನೋಡಿ ತಿಳಿಸುತ್ತೇನೆ" ಎಂದರೆ ಸಾಕು.

ಹಂತ 3: ಕಾರಣವನ್ನು ಎಷ್ಟು ಹೇಳಬೇಕೆಂದು ತೀರ್ಮಾನಿಸಿ

ರಿಕ್ರೂಟರ್‌ಗೆ ಬೇಕಿರುವುದು ದಿನಾಂಕ, ಕಾರಣವಲ್ಲ. ಕಾರಣವನ್ನು ಯಾವ ಬಗೆಯದು ಎಂಬಷ್ಟಕ್ಕೆ ನಿಲ್ಲಿಸಿ. "ಈಗಿನ ಸಂಸ್ಥೆಗೆ ಒಪ್ಪಿಕೊಂಡ ಬದ್ಧತೆ", "ಮನೆಯ ಹೊಣೆ" ಇಷ್ಟು ಸಾಕು. ಗರ್ಭಧಾರಣೆ, ಕಾಯಿಲೆ, ಸಾಲ, ಇವನ್ನು ಬರೆಯುವ ಅಗತ್ಯವಿಲ್ಲ. ನೀವು ಬರೆದದ್ದು ಅವರ ವ್ಯವಸ್ಥೆಯಲ್ಲಿ ಟಿಪ್ಪಣಿಯಾಗಿ ಉಳಿಯುತ್ತದೆ. ಮೂರು ವರ್ಷದ ಬಳಿಕ ಬೇರೊಬ್ಬ ರಿಕ್ರೂಟರ್ ಆ ಟಿಪ್ಪಣಿ ತೆರೆದು ಓದಬಹುದು.

ಈಗಿನ ಕಂಪನಿಯ ಗುಟ್ಟೂ ಹೊರಬರಬಾರದು. "ನಮ್ಮ ಹೊಸ ಆ್ಯಪ್ ಜುಲೈನಲ್ಲಿ ಬಿಡುಗಡೆ, ಅಲ್ಲಿಯವರೆಗೆ ಬಿಡಲಾರೆ" ಎಂಬ ವಾಕ್ಯ ನಿಷ್ಠೆಯಂತೆ ಕಾಣುತ್ತದೆ. ಆದರೆ ನೀವು ಪ್ರತಿಸ್ಪರ್ಧಿ ಕಂಪನಿಗೆ ಬಿಡುಗಡೆಯ ತಿಂಗಳನ್ನು ಬರೆದುಕೊಟ್ಟಿದ್ದೀರಿ. "ಕೈಯಲ್ಲಿರುವ ಒಂದು ಯೋಜನೆ" ಎಂದರೆ ಮುಗಿಯಿತು.

ಸುಳ್ಳಂತೂ ಬೇಡ. ನೋಟಿಸ್ 90 ದಿನ ಇದ್ದಾಗ ಮುಖ ಉಳಿಸಿಕೊಳ್ಳಲು 30 ಎಂದು ಬರೆದವರು, ಆರು ತಿಂಗಳ ಬಳಿಕ 90 ಎಂದಾಗ ಹಳೆಯ ಟಿಪ್ಪಣಿ ಎದುರು ನಿಲ್ಲುತ್ತದೆ.

ಹಂತ 4: ಉತ್ತರ ಬರೆಯಿರಿ

ಎರಡು ಮೂರು ದಿನದೊಳಗೆ ಬರೆಯಿರಿ. ಲಿಂಕ್ಡ್‌ಇನ್‌ನಲ್ಲಿ ಬಂದದ್ದು ಇನ್‌ಮೇಲ್ ಆಗಿದ್ದರೆ ಉತ್ತರಿಸುವುದರಿಂದ ಅವರಿಗೊಂದು ಲಾಭವೂ ಇದೆ. ಇನ್‌ಮೇಲ್ ಎಂದರೆ ಪರಿಚಯವಿಲ್ಲದವರಿಗೂ ಕಳುಹಿಸಬಹುದಾದ ಸಂದೇಶ. ಹಣ ತೆತ್ತ ಖಾತೆಗಳಿಗೆ ತಿಂಗಳಿಗೆ ಇಂತಿಷ್ಟೇ ಎಂದು ಸಿಗುತ್ತದೆ. ನೀವು 90 ದಿನದೊಳಗೆ ಉತ್ತರಿಸಿದರೆ, ಅದು ನಿರಾಕರಣೆಯೇ ಆಗಿದ್ದರೂ, ಖರ್ಚಾದ ಆ ಒಂದು ಇನ್‌ಮೇಲ್ ಅವರ ಲೆಕ್ಕಕ್ಕೆ ಮರಳಿ ಜಮೆಯಾಗುತ್ತದೆ. ಬೇಡ ಎಂದು ಬರೆದವರ ಮೇಲೂ ರಿಕ್ರೂಟರ್‌ಗೆ ಕೃತಜ್ಞತೆ ಮೂಡುವುದು ಇದರಿಂದಲೇ ಎಂದು ನನ್ನ ಅನುಮಾನ.

ಇನ್ನು "ಮುಂದೆ ನೋಡೋಣ" ಎಂಬ ಉತ್ತರ ಯಾಕೆ ಕೆಲಸಕ್ಕೆ ಬಾರದು ಎಂಬ ಮಾತು. ಕಂಪನಿಗಳು ಅಭ್ಯರ್ಥಿಗಳ ದಾಖಲೆಯನ್ನು ಎಟಿಎಸ್ ಎಂಬ ತಂತ್ರಾಂಶದಲ್ಲಿ ಇಡುತ್ತವೆ. ಯಾರು ಯಾವ ಹುದ್ದೆಗೆ ಯಾವ ಹಂತದಲ್ಲಿದ್ದಾರೆ ಎಂದು ತೋರಿಸುವ ದಫ್ತರ ಅದು. ನಿಮ್ಮ ಉತ್ತರ ಬಂದಾಗ ರಿಕ್ರೂಟರ್ ಅಲ್ಲಿ ಒಂದು ಸ್ಥಿತಿಯನ್ನು ಆರಿಸಬೇಕು. "ಮುಂದೆ ನೋಡೋಣ" ಎಂಬ ಸ್ಥಿತಿ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಹತ್ತಿರದ್ದು "ಆಸಕ್ತಿ ಇಲ್ಲ". ನೂರಾರು ಹೆಸರುಗಳ ನಡುವೆ ಅವರು ಅದನ್ನೇ ಒತ್ತಿ ಮುಂದೆ ಹೋಗುತ್ತಾರೆ. ನೀವು ಒಂದು ದಿನಾಂಕ ಕೊಟ್ಟರೆ ಮಾತ್ರ ಟಿಪ್ಪಣಿಯಲ್ಲಿ ಬರೆದುಕೊಳ್ಳಲು ಏನಾದರೂ ಸಿಗುತ್ತದೆ: "ಮೇ ತಿಂಗಳಲ್ಲಿ ಮತ್ತೆ ಸಂಪರ್ಕಿಸಿ."

ಉತ್ತರದಲ್ಲಿ ಇರಬೇಕಾದದ್ದು ಇಷ್ಟು. ಹುದ್ದೆಯಲ್ಲಿ ನಿಮಗೆ ಹಿಡಿಸಿದ್ದೇನು ಎಂದು ಒಂದು ಖಚಿತ ಮಾತು. ರಾಜೀನಾಮೆ ಯಾವಾಗ ಸಾಧ್ಯ, ನೋಟಿಸ್ ಎಷ್ಟು, ಹಾಗಾಗಿ ಸೇರುವುದು ಯಾವಾಗ ಎಂಬ ದಿನಾಂಕಗಳು. ಮಾತುಕತೆ ಯಾವಾಗ ಶುರು ಮಾಡಬಹುದು ಎಂಬುದು. ಮತ್ತು ಕಾಯಲಾಗದಿದ್ದರೆ ಬಿಟ್ಟು ಮುಂದುವರಿಯಲು ಅವರಿಗೊಂದು ದಾರಿ. ಕೊನೆಯದನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ, ಅವಕಾಶ ಕೈತಪ್ಪೀತೆಂಬ ಭಯ. ಆದರೆ ನಿಮ್ಮ ಮಾತು ನಂಬುವಂಥದ್ದು ಎನಿಸುವುದು ಆ ಒಂದು ವಾಕ್ಯದಿಂದಲೇ. ಆಫರ್ ಒಪ್ಪಿಕೊಂಡು ಸೇರುವ ದಿನ ಫೋನು ಎತ್ತದವರಿಂದ ಬೇಸತ್ತ ರಿಕ್ರೂಟರ್‌ಗಳ ಊರು ಇದು.

ಮೇಲಿನ ಉದಾಹರಣೆಯ ಎಂಜಿನಿಯರ್ ಪತ್ರ ತೆರೆದು ನೋಡಿದರು, ಷರತ್ತು ಎರಡನೆಯ ಬಗೆಯದು ಎಂದುಕೊಳ್ಳೋಣ. ಅವರ ಉತ್ತರ ಹೀಗಿರಬಹುದು. ನೀವು ಕಳುಹಿಸುವುದು ಇಂಗ್ಲಿಷಿನಲ್ಲೇ ಇರುತ್ತದೆ. ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ, ವಾಕ್ಯಗಳ ಸರಣಿಯನ್ನು ಗಮನಿಸಿ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ.

"ನಮಸ್ಕಾರ. ಪಾವತಿ ತಂಡದ ಬ್ಯಾಕೆಂಡ್ ಹುದ್ದೆಯ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ವಿವರವನ್ನು ಪೂರ್ತಿ ಓದಿದೆ. ವ್ಯಾಪಾರಿಗಳಿಗೆ ಹಣ ಸಂದಾಯವಾಗುವ ಭಾಗವನ್ನು ಹೊಸದಾಗಿ ಕಟ್ಟುತ್ತಿದ್ದೀರಿ ಎಂಬುದು ನನ್ನನ್ನು ಸೆಳೆಯಿತು, ಹಿಂದಿನ ಸಂಸ್ಥೆಯಲ್ಲಿ ಮೂರು ವರ್ಷ ಅದೇ ಕೆಲಸ ಮಾಡಿದ್ದೇನೆ.

ಈಗಿನ ಸಂಸ್ಥೆಗೆ ಒಪ್ಪಿಕೊಂಡ ಬದ್ಧತೆಯಿಂದಾಗಿ ಜೂನ್ 16ಕ್ಕಿಂತ ಮೊದಲು ರಾಜೀನಾಮೆ ಕೊಡಲಾರೆ. ನೋಟಿಸ್ 90 ದಿನ, ಹಾಗಾಗಿ ಬೇಗವೆಂದರೆ ಸೆಪ್ಟೆಂಬರ್ 15ರ ಸುಮಾರಿಗೆ ಸೇರಬಲ್ಲೆ. ಹುದ್ದೆ ಅಷ್ಟು ಕಾಯುವಂಥದ್ದಾದರೆ, ಅಥವಾ ಅದೇ ತಂಡದಲ್ಲಿ ಮುಂದೆ ಇನ್ನೊಂದು ಹುದ್ದೆ ತೆರೆಯುವುದಿದ್ದರೆ, ಮೇ ಮೊದಲ ವಾರದಿಂದ ಮಾತುಕತೆಗೆ ಸಿದ್ಧನಿದ್ದೇನೆ.

ಅದಕ್ಕಿಂತ ಬೇಗ ಬೇಕಿದ್ದರೆ ದಯವಿಟ್ಟು ನನಗಾಗಿ ಕಾಯಬೇಡಿ. ಏನೇ ಆದರೂ ಮೇ 4ರ ವಾರ ನಾನೇ ನಿಮಗೆ ಬರೆಯುತ್ತೇನೆ."

ಬರೆದವರು ಏಜೆನ್ಸಿಯವರಾದರೆ ಒಂದು ಸಾಲು ಸೇರಿಸಿ: "ಮೇ ತಿಂಗಳಲ್ಲಿ ನಾನು ಲಿಖಿತವಾಗಿ ಒಪ್ಪುವವರೆಗೆ ನನ್ನ ವಿವರವನ್ನು ಯಾವ ಕಂಪನಿಗೂ ಕಳುಹಿಸಬೇಡಿ."

ಈ ಉತ್ತರದಲ್ಲಿ ಸಂಬಳದ ಮಾತಿಲ್ಲ ಎಂಬುದನ್ನು ಗಮನಿಸಿದಿರೇ? ಫೆಬ್ರುವರಿಯಲ್ಲಿ ಹೇಳಿದ ಅಂಕಿ ಸೆಪ್ಟೆಂಬರಿಗೆ ನಿಮ್ಮ ಕಾಲಿಗೇ ಸುತ್ತಿಕೊಳ್ಳುತ್ತದೆ. ನಡುವೆ ಏಪ್ರಿಲ್ ಬರುತ್ತದೆ, ಬಹಳ ಕಂಪನಿಗಳಲ್ಲಿ ವಾರ್ಷಿಕ ಹೆಚ್ಚಳದ ಕಾಲ ಅದು. ಕೇಳಿದರೆ "ಮೇ ತಿಂಗಳಲ್ಲಿ ಮಾತಾಡುವಾಗ ಆಗಿನ ಅಂಕಿ ತಿಳಿಸುತ್ತೇನೆ" ಎನ್ನಿ. ಆದರೆ ಅವರು ಆ ಹುದ್ದೆಗೆ ಇಟ್ಟಿರುವ ಸಂಬಳದ ಮಿತಿಯನ್ನು ನೀವು ಕೇಳಬಹುದು. ಅದು ನಿಮ್ಮ ನಿರೀಕ್ಷೆಗಿಂತ ತೀರಾ ಕೆಳಗಿದ್ದರೆ ಏಳು ತಿಂಗಳು ಸುಮ್ಮನೆ ಕಾಯುವುದು ಯಾಕೆ?

ಹಂತ 5: ಅವರು ಪಟ್ಟು ಹಿಡಿದರೆ

ಒಳ್ಳೆಯ ಉತ್ತರಕ್ಕೆ ಕೆಲವೊಮ್ಮೆ ಮರುಪ್ರಶ್ನೆ ಬರುತ್ತದೆ. ಅವುಗಳಲ್ಲಿ ಹೆಚ್ಚು ಜನ ಜಾರುವುದು ಇಲ್ಲಿ: "ಸೇರುವ ಮಾತು ಆಮೇಲೆ, ಸುಮ್ಮನೆ ಒಂದು ಸುತ್ತು ಸಂದರ್ಶನ ಮುಗಿಸಿಬಿಡೋಣ." ಅಭ್ಯಾಸವಾದೀತು ಎಂದು ಹೋಗುತ್ತಾರೆ. ತಯಾರಿ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ, ಸಂದರ್ಶನ ಕೆಡುತ್ತದೆ. ಆಮೇಲೆ ತಿಳಿಯುತ್ತದೆ ಆ ಕಂಪನಿಯಲ್ಲಿ ಕೂಲಿಂಗ್ ಅವಧಿ ಇದೆಯೆಂದು. ಅಂದರೆ ಒಮ್ಮೆ ಅನುತ್ತೀರ್ಣರಾದವರನ್ನು ಮತ್ತೆ ಇಂತಿಷ್ಟು ಕಾಲ ಕರೆಯುವುದಿಲ್ಲ. ಆರು ತಿಂಗಳು, ಒಂದು ವರ್ಷ ಸಾಮಾನ್ಯ. ನಿಜವಾಗಿ ಬಿಡುವಾದ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿರುತ್ತದೆ. ಉತ್ತೀರ್ಣರಾದರೂ ತಾಪತ್ರಯವೇ. ಕೈಗೆ ಬಂದ ಆಫರ್ ಬೇಡ ಎನ್ನಬೇಕಾಗುತ್ತದೆ, ಹಾಗೆ ಅಂದದ್ದೂ ದಾಖಲಾಗುತ್ತದೆ. ಇದಕ್ಕೆ ಬದಲು ಹೈರಿಂಗ್ ಮ್ಯಾನೇಜರ್ ಜೊತೆ, ಅಂದರೆ ನೀವು ಸೇರಿದರೆ ನಿಮ್ಮ ಮೇಲಧಿಕಾರಿಯಾಗುವವರ ಜೊತೆ, ಇಪ್ಪತ್ತು ನಿಮಿಷದ ಪರಿಚಯದ ಮಾತು ಸಾಧ್ಯವೇ ಎಂದು ಕೇಳಿ. "ಇದು ಮೌಲ್ಯಮಾಪನದ ಸುತ್ತು ಅಲ್ಲ ತಾನೇ?" ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಆ ಮಾತುಕತೆಗೆ ಬೆಲೆ ಇದೆ, ಯಾಕೆಂದು ಮುಂದೆ ಹೇಳುತ್ತೇನೆ.

ಎರಡನೆಯ ಒತ್ತಾಯ ಬೈಔಟ್. ನೋಟಿಸ್ ಅವಧಿಯಲ್ಲಿ ಉಳಿದ ದಿನಗಳ ಸಂಬಳವನ್ನು ಹಳೆಯ ಕಂಪನಿಗೆ ಕಟ್ಟಿ ಬೇಗ ಬಿಡುಗಡೆ ಪಡೆಯುವುದು, ಆ ಹಣವನ್ನು ಹೊಸ ಕಂಪನಿ ಭರಿಸುವುದು. ಕೇಳಲು ಸುಲಭ. ಆದರೆ ನೇಮಕಾತಿ ಪತ್ರದಲ್ಲಿ ಅದು ಸಾಮಾನ್ಯವಾಗಿ ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂದಿರುತ್ತದೆ, ನೀವು ಹಣ ಹಿಡಿದು ನಿಂತರೂ ಅವರು ಒಲ್ಲೆ ಎನ್ನಬಹುದು. ಮತ್ತು ನಿಮ್ಮ ಅಡಚಣೆ ಬೋನಸ್ಸಿನ ದಿನಾಂಕವೋ ಮನೆಯ ಹೊಣೆಯೋ ಆಗಿದ್ದರೆ ಬೈಔಟ್ ಅದನ್ನು ಮುಟ್ಟುವುದೇ ಇಲ್ಲ. "ನಿಮ್ಮ ಮೂರು ಲಕ್ಷ ನಾವೇ ಕೊಡುತ್ತೇವೆ" ಎಂದರೆ ಅದು ಯೋಚಿಸಬೇಕಾದ ಮಾತು. ಆದರೆ ಅದೂ ಜಾಯಿನಿಂಗ್ ಬೋನಸ್ ರೂಪದಲ್ಲೇ ಬರುತ್ತದೆ, ಅದಕ್ಕೂ ಇನ್ನೊಂದು ವರ್ಷದ ಷರತ್ತು. ಒಂದು ಹಗ್ಗ ಬಿಚ್ಚಿ ಇನ್ನೊಂದು ಕಟ್ಟಿಸಿಕೊಂಡಂತೆ.

ಮೂರನೆಯದು: "ನಿಮಗಾಗದಿದ್ದರೆ ಬೇರೆ ಯಾರಾದರೂ ಗೊತ್ತೇ?" ಗೊತ್ತಿದ್ದರೆ ಆ ಗೆಳೆಯರನ್ನು ಕೇಳಿ, ಅವರು ಹೂಂ ಎಂದ ಮೇಲೆ ಹೆಸರು ಕೊಡಿ. ಕೇಳದೆ ಯಾರ ಫೋನ್ ಸಂಖ್ಯೆಯನ್ನೂ ಕೊಡಬೇಡಿ.

ಹಂತ 6: ಹೇಳಿದ ದಿನಕ್ಕೆ ನೀವೇ ಬರೆಯಿರಿ

ಉತ್ತರ ಕಳುಹಿಸಿದ ಕೂಡಲೇ ಮೊಬೈಲಿನ ಕ್ಯಾಲೆಂಡರಿನಲ್ಲಿ ಮೇ 4ಕ್ಕೆ ಗುರುತು ಹಾಕಿ. ಅದರೊಳಗೆ ಕಂಪನಿಯ ಹೆಸರು, ಜಾಬ್ ಐಡಿ ಎಂದು ಪ್ರಕಟಣೆಯಲ್ಲಿರುವ ಹುದ್ದೆಯ ಸಂಖ್ಯೆ, ಹೈರಿಂಗ್ ಮ್ಯಾನೇಜರ್ ಹೆಸರು ತಿಳಿದಿದ್ದರೆ ಅದು, ನೀವು ಕೊಟ್ಟ ದಿನಾಂಕಗಳು, ಇಷ್ಟನ್ನು ಬರೆದಿಡಿ. ಕೆಲಸದ ವಿವರವನ್ನು ನಕಲು ಮಾಡಿ ಇಟ್ಟುಕೊಳ್ಳಿ. ಹುದ್ದೆ ಭರ್ತಿಯಾದ ಮೇಲೆ ಆ ಪುಟ ಮಾಯವಾಗುತ್ತದೆ, ಯಾವುದರ ಬಗ್ಗೆ ಮಾತಾಡಿದ್ದೆವೆಂದು ನಿಮಗೇ ನೆನಪಿರುವುದಿಲ್ಲ.

ನಡುವೆ ಸುಮ್ಮನಿರಿ. ಹಬ್ಬದ ಶುಭಾಶಯ, ಅವರ ಪೋಸ್ಟಿಗೆಲ್ಲ ಹೆಬ್ಬೆರಳು, ಇವು ಬೇಡ. ದಿನಾಂಕವೇ ಬದಲಾದರೆ ಮಾತ್ರ ಒಂದು ಸಾಲು ಬರೆಯಿರಿ. ಲಿಂಕ್ಡ್‌ಇನ್‌ನಲ್ಲಿ ಕೆಲಸಕ್ಕೆ ಸಿದ್ಧ ಎಂಬ ಗುರುತನ್ನೂ ಈಗ ಹಾಕಬೇಡಿ. ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಟ್ಟರೂ ನಿಮ್ಮ ಕಂಪನಿಯವರಿಗೆ ಕಾಣುವುದೇ ಇಲ್ಲ ಎಂಬ ಖಾತರಿಯನ್ನು ಆ ತಾಣವೂ ಕೊಡುವುದಿಲ್ಲ.

ಮೇ 4 ಬಂದಾಗ ಹೊಸ ಸಂದೇಶ ತೆರೆಯಬೇಡಿ, ಹಳೆಯ ಸಂದೇಶದ ಕೆಳಗೇ ಬರೆಯಿರಿ. ಫೆಬ್ರುವರಿಯ ಮಾತೆಲ್ಲ ಅವರ ಕಣ್ಣೆದುರಿಗೇ ಇರುತ್ತದೆ.

"ನಮಸ್ಕಾರ. ಫೆಬ್ರುವರಿಯಲ್ಲಿ ಹೇಳಿದಂತೆ ಬರೆಯುತ್ತಿದ್ದೇನೆ. ನನ್ನ ದಿನಾಂಕಗಳು ಬದಲಾಗಿಲ್ಲ, ಜೂನ್ 16ರ ನಂತರ ರಾಜೀನಾಮೆ ಕೊಟ್ಟು ಸೆಪ್ಟೆಂಬರ್ ಮಧ್ಯದಲ್ಲಿ ಸೇರಬಲ್ಲೆ. ಪಾವತಿ ತಂಡದ ಹುದ್ದೆ ಅಥವಾ ಅದಕ್ಕೆ ಹತ್ತಿರದ್ದು ಈಗ ತೆರೆದಿದೆಯೇ? ಈ ವಾರ ಸಂಜೆ ಆರರ ನಂತರ ಯಾವ ದಿನವಾದರೂ ಮಾತಾಡಬಹುದು."

ಆ ಹುದ್ದೆ ಹೋಗಿರುವ ಸಂಭವವೇ ಹೆಚ್ಚು, ಅದಕ್ಕೆ ಸಿದ್ಧರಾಗಿರಿ. ನೀವು ಉಳಿಸಿಕೊಳ್ಳಲು ಹೊರಟದ್ದು ಆ ಒಂದು ಕುರ್ಚಿಯನ್ನಲ್ಲ, ಮುಂದಿನ ಕುರ್ಚಿ ಖಾಲಿಯಾದಾಗ ನಿಮ್ಮ ಹೆಸರು ಎದುರಿಗೆ ಬರುವುದನ್ನು. ಒಂದು ವಾರ ಉತ್ತರ ಬಾರದಿದ್ದರೆ ಅವರ ಪ್ರೊಫೈಲ್ ತೆರೆದು ನೋಡಿ. ರಿಕ್ರೂಟರ್‌ಗಳೂ ಕೆಲಸ ಬದಲಿಸುತ್ತಾರೆ, ನಮಗಿಂತ ಹೆಚ್ಚೇ. ಅವರು ಬೇರೆ ಕಂಪನಿಗೆ ಹೋಗಿದ್ದರೆ ಅಲ್ಲಿ ಏನಿದೆ ಎಂದು ಅವರನ್ನೇ ಕೇಳಿ. ಹಳೆಯ ಕಂಪನಿಯ ಕೆಲಸವೇ ಬೇಕಿದ್ದರೆ, ಇಪ್ಪತ್ತು ನಿಮಿಷ ಮಾತಾಡಿದ್ದಿರಲ್ಲ, ಆ ಹೈರಿಂಗ್ ಮ್ಯಾನೇಜರ್‌ಗೆ ಬರೆಯಿರಿ. ಅವರೂ ಉತ್ತರಿಸದಿದ್ದರೆ ಜಾಬ್ ಐಡಿ ಹಿಡಿದು ಅದೇ ತಂಡದ ಹೊಸ ಹುದ್ದೆಗಳನ್ನು ಕಂಪನಿಯ ತಾಣದಲ್ಲಿ ಹುಡುಕಿ, ಒಳಗಿರುವ ಗೆಳೆಯರ ಶಿಫಾರಸಿನಿಂದ ಅರ್ಜಿ ಹಾಕಿ. ಫೆಬ್ರುವರಿಯಲ್ಲಿ ರೆಸ್ಯೂಮೆಯನ್ನು ಏಜೆನ್ಸಿಗೆ ಕೊಟ್ಟಿಲ್ಲವಾದ್ದರಿಂದ ಆ ದಾರಿ ಇನ್ನೂ ತೆರೆದೇ ಇರುತ್ತದೆ.